ಮಗಳನ್ನ ಕಳಿಸಿಕೊಡೋವಾಗ ಅಪ್ಪಯ್ಯ ಆಡಿದ ಮಾತು

ಪುಟ್ಟೀ, ಒಂದ್ನಿಮಿಷ ಇಲ್ಲಿ ಬಾ. ಅಳಿಯಂದ್ರೇ ನೀವೂ ಬನ್ನಿ. ಮೈಕ್ ಎಲ್ಲ ಬೇಡ ಮಾರಾಯ್ರೆ, ನಂಗೆ ಅದು ಹಿಡ್ಕೊಂಡ್ರೆ ಮಾತು ಬರಲ್ಲ, ಸೊಸೈಟಿ ಮೀಟಿಂಗಲ್ಲೇ ನೋಡಿದೀರಲ್ಲ. ಒಪ್ಪಿಸೋ ಶಾಸ್ತ್ರ ಭಟ್ರು ಮಾಡ್ಸಾಯ್ತು, ಮಂತ್ರದಲ್ಲಿ ಹೇಳೋದೆಲ್ಲ ಅವರೇ ಹೇಳಿದಾರೆ, ಅದ್ರಲ್ಲಿ ಇಲ್ದೇ ಇರೋದು ಒಂದೆರಡು ನಂದಿದೆ.

ನೀನು ಸಾಗರದಲ್ಲಿ ಹಾಸ್ಟೆಲಲ್ಲಿದ್ದಾಗ ರಾತ್ರಿ ಫೋನ್ ಮಾಡಿದ್ರೆ ಯಾವಾಗ್ಲೂ ಒಂದೇ ಮಾತು, ಚೆನ್ನಾಗಿದೀನಿ ಅಪ್ಪಯ್ಯ, ಊಟ ಆಯ್ತು ಅಪ್ಪಯ್ಯ. ಜ್ವರ ಬಂದು ಮಲಗಿದ್ದಾಗ್ಲೂ ಅದೇ, ನಿನ್ನ ಫ್ರೆಂಡ್ ಆಮೇಲೆ ಅಮ್ಮನ ಹತ್ರ ಬಾಯ್ಬಿಟ್ಟಿದ್ದಕ್ಕೆ ನಮಗೆ ಗೊತ್ತಾಗಿದ್ದು. ಯಾಕೆ ಹೇಳ್ಲಿಲ್ಲ ಅಂತ ಬೈದ್ರೆ ನೀನೇನಂದೆ, ಹೇಳಿದ್ರೆ ನೀವೇನ್ ಮಾಡ್ತಿದ್ರಿ, ಕೊನೆ ಲಾಂಚ್ ಹೋಗಿತ್ತಲ್ಲ, ರಾತ್ರಿಯೆಲ್ಲ ಹಿನ್ನೀರ ದಡದಲ್ಲಿ ಕೂತಿರ್ತಿದ್ರಿ ಅಷ್ಟೇ ಅಂದೆ. ಅದು ನಿಜವೇ ಆಗಿತ್ತು ಬಿಡು. ಬೇಸಿಗೇಲಿ ನೀರಿಳಿದ್ರೆ ಲಾಂಚಲ್ಲಿ ಗಾಡಿ ಹತ್ತಿಸ್ತಿರ್ಲಿಲ್ಲ, ಹೊಸನಗರದ ಮೇಲೆ ಸುತ್ತಿ ಬರೋದಂದ್ರೆ ಬೆಳಗಾಗೋದು. ಆದ್ರೆ ಈಗ ಸೇತುವೆ ಆಯ್ತಲ್ಲ. 2025ರ ಜುಲೈ ಇಂದ ಗಾಡಿ ಓಡಾಡ್ತಿದೆ, ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದ್ರೂ ನಾನು ಜೀಪ್ ತೆಗ್ದು ಬೆಳಕು ಹರಿಯೋದ್ರೊಳಗೆ ಶಿವಮೊಗ್ಗದಲ್ಲಿರ್ತೀನಿ. ಹಂಗಾಗಿ ಆ ಹಳೇ ನೆಪ ಇನ್ನು ನಡಿಯಲ್ಲ. ಚೆನ್ನಾಗಿದ್ರೆ ಚೆನ್ನಾಗಿದೀನಿ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ಅಪ್ಪಯ್ಯಂಗೆ ಬಿಪಿ ಇದೆ ಅಂತ ಮುಚ್ಚಿಟ್ಕೋಬೇಡ, ನೀನು ಮುಚ್ಚಿಟ್ರೇನೇ ನಂಗೆ ಬಿಪಿ ಏರೋದು.

ನಿನ್ನ ಅಜ್ಜೀನ ನೆನಪು ಮಾಡ್ಕೋ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ಅವರ ತೌರುಮನೆ, ಗದ್ದೆ, ದೇವಸ್ಥಾನ ಎಲ್ಲ ಮುಳುಗಡೆ ಆಯ್ತು, ಅಣ್ಣತಮ್ಮಂದಿರು ಒಬ್ಬೊಬ್ರು ಒಂದೊಂದು ಕಡೆ ಹೋದ್ರು. ಗಂಡನ ಮನೇಲಿ ಬೇಜಾರಾದ್ರೆ ತೌರಿಗೆ ಹೋಗ್ತೀನಿ ಅನ್ನೋಕೆ ತೌರೇ ಇರ್ಲಿಲ್ಲ ಅವರಿಗೆ, ನೀರು ನೋಡ್ತಾ ನಿಲ್ತಿದ್ರಂತೆ. ನಿನ್ನ ಅಮ್ಮ ಅವಳ ತೌರಿಗೆ ಹೊರಟ್ರೆ ಲಾಂಚ್ ಟೈಮ್ ನೋಡ್ಬೇಕಿತ್ತು, ಮಧ್ಯಾಹ್ನ ಊಟದ ಎಲೆ ತೆಗೀತಿದ್ದಂಗೆ ವಾಪಸ್ ಹೊರಡ್ಬೇಕಿತ್ತು. ನಿಂಗೆ ಹಂಗೇನಿಲ್ಲ. ಹಬ್ಬ ಅಂತ ಕರೀಲಿ ಅಂತ ಕಾಯ್ಬೇಡ, ಬರ್ಬೇಕು ಅನ್ಸಿದ ದಿನ ಬಾ, ಕಾರಣ ನಾವು ಕೇಳಲ್ಲ. ಅಮ್ಮ ಕೇಳಬಹುದು, ಅವಳ ಬಾಯಿ ನಾನು ಕಟ್ಟೋಕಾಗಲ್ಲ.

ಇನ್ನೊಂದು, ಬೀಗ್ರ ಮುಂದೇನೇ ಹೇಳ್ತೀನಿ, ಯಾರೂ ತಪ್ಪು ತಿಳ್ಕೋಬೇಡಿ, ಅವರು ನಮ್ಮನ್ನ ಒಂದು ರೂಪಾಯಿ ಕೇಳಿದವರಲ್ಲ. ನಿನ್ನ ಸಂಬಳದ ಪಾಸ್‌ಬುಕ್ ನಿನ್ನ ಕೈಲೇ ಇರ್ಲಿ, ಮನೆ ಖರ್ಚಿಗೆ ಇಬ್ರೂ ಹಾಕಿ, ಲೆಕ್ಕ ಇಬ್ರಿಗೂ ಗೊತ್ತಿರ್ಲಿ. ಅಮ್ಮ ಹಾಕಿದ ಬಂಗಾರ ನಿಂದು. ಹಿರಿಯರಿಂದ ಬಂದ ತೋಟದಲ್ಲಿ ನಿನ್ನ ತಮ್ಮಂಗೆ ಎಷ್ಟೋ ನಿಂಗೂ ಅಷ್ಟೇ, 2005ರ ಕಾನೂನು ಹೇಳುತ್ತೆ ಅಂತಲ್ಲ, ಕೊನೆಕೊಯ್ಲಲ್ಲಿ ರಾತ್ರಿಯೆಲ್ಲ ಕೂತು ಅಡಿಕೆ ಸುಲಿದಿದೀಯಲ್ಲ ಅದಕ್ಕೆ. ತಮ್ಮ ಅಲ್ಲೇ ನಿಂತು ತಲೆ ಆಡಿಸ್ತಿದಾನೆ, ಎಲ್ರೂ ನೋಡ್ಕೊಳಿ.

ಅಳಿಯಂದ್ರೇ, ನಿಮಗೆ ಹೇಳೋದು ಜಾಸ್ತಿ ಇಲ್ಲ. ಇವಳಿಗೆ ಸಿಟ್ಟು ಬಂದ್ರೆ ಜಗಳ ಆಡಲ್ಲ, ಮಾತೇ ಬಿಡ್ತಾಳೆ, ಪಾತ್ರೆ ಮಾತ್ರ ಜೋರಾಗಿ ಸದ್ದು ಮಾಡ್ತಾವೆ. ಆಗ ಸಮಾಧಾನ ಮಾಡೋಕೆ ಹೋಗ್ಬೇಡಿ, ಪಕ್ಕದಲ್ಲಿ ನಿಂತು ಪಾತ್ರೆ ಒರೆಸಿಕೊಡಿ, ಅವಳೇ ಮಾತು ಶುರು ಮಾಡ್ತಾಳೆ. ಇಷ್ಟು ವರ್ಷ ನಾನು ಮಾಡಿದ್ದೂ ಅದನ್ನೇ. ಬೇಜಾರು ನಿಮಗಾದ್ರೂ ಅಷ್ಟೇ, ನಂಗೊಂದು ಫೋನ್ ಮಾಡಿ, ಮಗಳ ಪಕ್ಷ ವಹಿಸ್ತೀನಿ ಅಂತ ಹೆದ್ರಬೇಡಿ, ಪೂರ್ತಿ ಕೇಳಿದ್ಮೇಲೆ ವಹಿಸ್ತೀನಿ.

ಬೀಗ್ರೇ, ಬೀಗಿತ್ತಿ, ಮಗಳು ಅಂತ ನೋಡ್ಕೊಳಿ ಅಂತ ಎಲ್ರೂ ಹೇಳ್ತಾರೆ. ಮಗಳು ತಪ್ಪು ಮಾಡಿದ್ರೆ ನೀವು ಬೈಯಲ್ವಾ, ಬೈರಿ, ಆದ್ರೆ ಅವಳಿಗೇ ಬೈರಿ, ಪಕ್ಕದ ಮನೆಯವರಿಗೆ ಹೇಳ್ಬೇಡಿ.

ಅಳ್ಬೇಡ ಪುಟ್ಟೀ. ಅಯ್ಯೋ ಅಳ್ತೀಯಾದ್ರೆ ಅಳು, ನಾನೇನು ನಗ್ತಿದೀನಾ ಈಗ. ನೀನು ಹುಟ್ಟಿದಾಗ್ಲಿಂದ ನಮಗೆ ಒಳ್ಳೇದೇ ಆಗಿದೆ ಕಣೆ, ಅಷ್ಟೇ ನಂಗೆ ಹೇಳೋಕೆ ಬರೋದು.

ಸರಿ, ಹತ್ತಿ ಇನ್ನು, ರಾಹುಕಾಲ ಶುರುವಾಗೋದ್ರೊಳಗೆ ಗಾಡಿ ಗೇಟ್ ದಾಟ್ಲಿ ಅಂತ ಭಟ್ರು ಆಗ್ಲೇ ವಾಚ್ ನೋಡ್ತಿದಾರೆ. ಡ್ರೈವರಣ್ಣಾ, ಡಿಕ್ಕೀಲಿ ಅಪ್ಪೆಮಿಡಿ ಜಾಡಿ ಇದೆ, ಮಡ್ಲಕ್ಕಿ ಗಂಟಿಗೆ ಆನಿಸಿ ನೆಟ್ಟಗೆ ಇಡಿ ಮಾರಾಯ್ರೆ, ತಿರುವಲ್ಲಿ ಉರುಳಿದ್ರೆ ಸೀರೆಯೆಲ್ಲ ಹೋಯ್ತು.