ಜಾತಕ ದಾರಿ ತೋರಿಸಲಿ, ಹೆದರಿಸುವುದು ಬೇಡ

ಡೊಂಬಿವಲಿಯ ನನ್ನ ಕನ್ನಡ ಬಂಧುಗಳೇ, ತಾಯಂದಿರೇ, ಎಲ್ಲರಿಗೂ ನಮಸ್ಕಾರ.

ಊಟಕ್ಕೆ ಮೊದಲು ಮಾತಾಡಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಹಾಗಾಗಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಬರುವವರು ಜಾತಕ ಬಿಚ್ಚುವ ಮೊದಲೇ ಕೇಳುವುದು, "ಜೋಯಿಸರೇ, ಏನಾದ್ರೂ ಕೆಟ್ಟದ್ದಿದೆಯಾ?" ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಜನರಿಗೆ ಇಷ್ಟು ಭಯ ಹುಟ್ಟಿಸಿದವರು ನಮ್ಮ ವೃತ್ತಿಯವರೇ.

ಸಾಡೇಸಾತಿಯನ್ನೇ ನೋಡಿ. ಶನಿ ಒಂದು ರಾಶಿಯಲ್ಲಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. ನಮ್ಮ ರಾಶಿಯ ಹಿಂದಿನದು, ನಮ್ಮದು, ಮುಂದಿನದು, ಮೂರೂ ಸೇರಿ ಏಳೂವರೆ ವರ್ಷ. ಅಂದರೆ 12 ರಾಶಿಗಳಲ್ಲಿ 3 ರಾಶಿಯವರಿಗೆ ಯಾವಾಗಲೂ ಸಾಡೇಸಾತಿ ಇದ್ದೇ ಇರುತ್ತದೆ. ಈ ಸಭಾಂಗಣದಲ್ಲೂ ಎಷ್ಟೋ ಜನರಿಗಿದೆ. ಅವರೂ ಬೆಳಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತಾರೆ, ಮಕ್ಕಳ ಮದುವೆ ಮಾಡುತ್ತಾರೆ, ಮನೆ ಕೊಳ್ಳುತ್ತಾರೆ. ಕುಜದೋಷವೂ ಹಾಗೆಯೇ. ಲಗ್ನದಿಂದ 2, 4, 7, 8, 12ರಲ್ಲಿ ಕುಜನಿದ್ದರೆ ದೋಷ ಎನ್ನುತ್ತೇವೆ. ಹನ್ನೆರಡರಲ್ಲಿ ಐದು ಮನೆ! ಅದಕ್ಕೆ ಪರಿಹಾರದ ಯೋಗಗಳನ್ನೂ ಶಾಸ್ತ್ರವೇ ಹೇಳಿದೆ. ಅದನ್ನು ನೋಡದೆ ಒಳ್ಳೆಯ ಸಂಬಂಧ ಬಿಡಬೇಡಿ. ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಆಗದು ಎಂದು ಹೆಣ್ಣುಮಕ್ಕಳನ್ನು ನೋಯಿಸುವುದಂತೂ ದಯವಿಟ್ಟು ನಿಲ್ಲಿಸಿ.

ಮೊನ್ನೆ ಒಬ್ಬ ತಾಯಿ ಬಂದಿದ್ದರು. ಮಗನಿಗೆ ಶನಿದಶೆ ಶುರುವಾಗಿದೆ, ಹೋಟೆಲ್ ತೆರೆಯುವುದು ಬೇಡ ಎಂದು ಯಾರೋ ಹೇಳಿದ್ದರಂತೆ. ಶನಿದಶೆ ಅಂದರೆ 19 ವರ್ಷ. ಅಷ್ಟು ವರ್ಷ ಕೈಕಟ್ಟಿ ಕೂರುವುದಾ? ಜಾತಕ ನೋಡಿದೆ. ವೃಷಭ ಲಗ್ನ, ಶನಿ ಆರನೆಯ ಮನೆಯಾದ ತುಲೆಯಲ್ಲಿ ಉಚ್ಚನಾಗಿದ್ದಾನೆ. ಈ ಲಗ್ನಕ್ಕೆ ಅವನೇ ಯೋಗಕಾರಕ. "ತೆರೆಯಲಿ ಅಮ್ಮಾ," ಎಂದೆ. "ಆದರೆ ಆರನೆಯದು ಸಾಲದ ಮನೆಯೂ ಹೌದು. ದೊಡ್ಡ ಬಡ್ಡಿಗೆ ಹಣ ತರುವುದು ಬೇಡ. ಲೆಕ್ಕಪತ್ರ ಅವನೇ ನೋಡಲಿ. ಮೊದಲು ಸಣ್ಣ ಜಾಗದಲ್ಲೇ ಶುರು ಮಾಡಲಿ." ಜಾತಕದಿಂದ ನಾವು ತೆಗೆದುಕೊಳ್ಳಬೇಕಾದದ್ದು ಇಂಥ ಮಾತು. ಎಲ್ಲಿ ಜೋಪಾನ, ಎಲ್ಲಿ ಧೈರ್ಯ ಮಾಡಬಹುದು ಎಂಬುದು.

ಇನ್ನೊಂದು ಮಾತು. ಮೈ ಸರಿಯಿಲ್ಲದಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಜಾತಕ ಆಮೇಲೆ ತೋರಿಸಿ. ಶಾಂತಿ ಮಾಡಿಸದಿದ್ದರೆ ಮನೆಯಲ್ಲಿ ಅನಾಹುತ ಆಗುತ್ತದೆ ಎಂದು ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ. ಪೂಜೆ ಮಾಡುವುದಾದರೆ ಭಕ್ತಿಯಿಂದ ಮಾಡಿ, ಸಾಲ ಮಾಡಿ ಬೇಡ.

ಊಟ ಆದ ಮೇಲೆ ನಾನು ಇಲ್ಲೇ ವೇದಿಕೆಯ ಪಕ್ಕ ಕೂತಿರುತ್ತೇನೆ. ಜಾತಕ ತಂದವರು ಬನ್ನಿ, ದಕ್ಷಿಣೆ ಬೇಡ. ಕೆಟ್ಟದ್ದೇನಿದೆ ಎಂದು ಮಾತ್ರ ಕೇಳಬೇಡಿ, ಮುಂದೆ ಏನು ಮಾಡಲಿ ಎಂದು ಕೇಳಿ.