ಗೋಡೆ ಪಕ್ಕದ ಊಟ

ಮೊದಲು ಬರುವುದು ಹಾಲಿನ ವ್ಯಾನು. ಬೆಳಕು ಆಮೇಲೆ. ಕಣ್ಣು ಬಿಡುವ ಅಗತ್ಯವೇ ಇಲ್ಲ. ತಣ್ಣಗಿನ ಕ್ರೇಟಿನ ವಾಸನೆ, ಅದರ ತಳದಲ್ಲಿ ನಿನ್ನೆ ಒಡೆದ ಪ್ಯಾಕೆಟ್ಟಿನ ಹುಳಿ, ಹಿಂದೆಯೇ ಡೀಸೆಲ್ಲು. ಈ ಮೂರೂ ಒಟ್ಟಿಗೆ ಬಂದರೆ ರಾತ್ರಿ ಮುಗಿಯಿತು ಅಂತ. ಎದ್ದು ಮುಂಗಾಲು ಚಾಚಿ, ಮೈ ಕೊಡವಿ, ಕಾರಿನ ಕೆಳಗಿಂದ ಹೊರಗೆ ಬರುತ್ತೇನೆ. ಕಾರು ನನ್ನದೇ. ಓಡಿಸುವವನು ಬೇರೆ ಯಾರೋ.

ಚಳಿಗಾಲದಲ್ಲಿ ಅವನು ಎಷ್ಟು ತಡವಾಗಿ ಮನೆಗೆ ಬಂದರೆ ಅಷ್ಟು ಒಳ್ಳೆಯದು. ಇಂಜಿನ್ನಿನ ಕಾವು ನಡುರಾತ್ರಿವರೆಗೂ ಇರುತ್ತದೆ. ರಜೆ ಹಾಕಿ ಮನೆಯಲ್ಲೇ ಕೂತನೋ, ಆ ರಾತ್ರಿ ಮೂಗನ್ನು ಬಾಲದೊಳಗೆ ಸಿಕ್ಕಿಸಿಕೊಂಡು ಮಲಗಬೇಕು.

ಹಾಲಿನ ಬೂತಿನ ಮುಂದೆ ಹುಡುಗ ಕ್ರೇಟು ಎಳೆದ ಕಡೆ ಒಂದೆರಡು ಹನಿ ಚೆಲ್ಲಿರುತ್ತದೆ. ಕಲ್ಲು ನೆಕ್ಕುತ್ತೇನೆ. ಹಾಲಿನ ಜೊತೆ ಮಣ್ಣು, ಚಪ್ಪಲಿ, ಬೆಕ್ಕು. ಬೆಕ್ಕು ನನಗಿಂತ ಮೊದಲೇ ಬಂದು ಹೋಗಿದೆ. ಅದಕ್ಕೆ ಯಾವತ್ತೂ ವ್ಯಾನಿನ ಸದ್ದು ಬೇಕಾಗಿಲ್ಲ, ಅದ್ಯಾವ ಲೆಕ್ಕದ ಮೇಲೆ ಬದುಕುತ್ತದೋ.

ಆಮೇಲೆ ಕಂಬಗಳು. ಇದನ್ನು ತಪ್ಪಿಸುವ ಹಾಗಿಲ್ಲ. ಕಂಬದ ಬುಡಕ್ಕೆ ಮೂಗಿಟ್ಟರೆ ರಾತ್ರಿ ಯಾರ್ಯಾರು ಬಂದಿದ್ದರು, ಯಾರು ಮೊದಲು, ಯಾರು ಆಮೇಲೆ, ಯಾರ ಮೈ ಸರಿಯಿಲ್ಲ, ಯಾರು ಚೆನ್ನಾಗಿ ತಿಂದಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಆಚೆ ಕ್ರಾಸಿನ ಬೋಳುಬಾಲದವನು ನಮ್ಮ ಮೂರನೇ ಕಂಬದವರೆಗೂ ಬಂದು ಹೋಗುತ್ತಾನೆ. ಹಗಲು ಎದುರಿಗೆ ಸಿಕ್ಕರೆ ಮಾತ್ರ ನನ್ನನ್ನು ನೋಡೇ ಇಲ್ಲ ಅನ್ನುವ ಹಾಗೆ ಮುಖ ತಿರುಗಿಸುತ್ತಾನೆ. ಕಂಬ ಓದುವವಳಿಗೆ ಅದೆಲ್ಲ ನಡೆಯಲ್ಲ.

ಮುಂಚೆ ಅವನು ನನ್ನ ಹಿಂದೆಯೇ ಸುತ್ತುತ್ತಿದ್ದ. ಒಂದು ದಿನ ವ್ಯಾನು ಬಂತು. ಹಾಲಿನದಲ್ಲ. ಬಾಗಿಲು ತೆರೆದ ಕೂಡಲೇ ಒಳಗಿಂದ ಎಷ್ಟೋ ನಾಯಿಗಳ ಹೆದರಿಕೆಯ ವಾಸನೆ ರಸ್ತೆಗೆ ಸುರಿಯಿತು. ಓಡಿದೆ, ಬಲೆ ಬಿತ್ತು. ಆಮೇಲೆ ಸ್ಪಿರಿಟ್ಟು, ಸೂಜಿ, ಕಬ್ಬಿಣದ ಬೋನು, ಹೊಟ್ಟೆಯ ಮೇಲೆ ಹೊಲಿಗೆ. ಕೆಲವು ದಿನ ಕಳೆದು ಹಿಡಿದ ಜಾಗಕ್ಕೇ ತಂದು ಬಿಟ್ಟರು. ಆಗಿನಿಂದ ನನ್ನ ಒಂದು ಕಿವಿಯ ತುದಿ ಇಲ್ಲ, ಮರಿಗಳೂ ಇಲ್ಲ. ಬೋಳುಬಾಲದವನಿಗೆ ನಾನೀಗ ಸುಮ್ನೆ ಇನ್ನೊಂದು ನಾಯಿ. ಒಂಥರಾ ನೆಮ್ಮದಿಯೇ. ಕಿವಿಯ ತುದಿ ಚಳಿಗೆ ಕಡಿಯುತ್ತದೆ, ಅಷ್ಟೇ.

ಹೇಳಬೇಕಾದದ್ದು ಗೋಡೆಯ ವಿಷಯ.

ಮೂಲೆ ಮನೆಯ ಕಾಂಪೌಂಡಿಗೂ ಖಾಲಿ ಸೈಟಿಗೂ ನಡುವೆ ಒಂದು ಗೋಡೆ ಇದೆ. ನಾನು ಮರಿಯಾಗಿದ್ದಾಗಿನಿಂದಲೂ ಊಟ ಅಲ್ಲೇ. ಬೆಳಿಗ್ಗೆ ಹಾಡು ಹಾಕಿಕೊಂಡು ಕಸದ ಆಟೋ ಬರುತ್ತದೆ, ಆದರೆ ಆ ಹೊತ್ತಿಗೆ ಎದ್ದಿರದವರು, ಬಾಗಿಲು ತೆರೆಯಲು ಬೇಜಾರಾದವರು, ಹಸಿ ಕಸ ಒಣ ಕಸ ಬೇರೆ ಮಾಡದೆ ಬೈಸಿಕೊಂಡವರು, ಇವರೆಲ್ಲ ರಾತ್ರಿ ಗೋಡೆಯ ಹತ್ತಿರ ಬರುತ್ತಾರೆ. ಆಚೀಚೆ ನೋಡುತ್ತಾರೆ. ಕವರು ಎಸೆದು ಬೇಗ ಬೇಗ ನಡೆಯುತ್ತಾರೆ. ಅವರ ಮೈಯಿಂದ ಆಗ ಸಣ್ಣ ಹೆದರಿಕೆಯ ಬೆವರು ಬರುತ್ತದೆ. ಯಾಕೆ ಅಂತ ನನಗೆ ಅರ್ಥವಾಗಿಲ್ಲ. ಊಟ ಕೊಡಲು ಹೆದರಿಕೆ ಯಾಕೆ?

ಯಾವ ಮನೆಯ ಕವರು ಅಂತ ಬಿಚ್ಚುವ ಮೊದಲೇ ಗೊತ್ತು. ಬಿಚ್ಚುವುದು ಅಂದರೆ ಗಂಟಿಗೆ ಬಾಯಿ ಹಾಕುವುದಲ್ಲ. ಅದು ಮರಿಗಳ ಕೆಲಸ. ಒಂದು ಕಾಲಿನಿಂದ ಅದುಮಿ ಹಿಡಿದು, ಹಲ್ಲಿನಿಂದ ಹೊಟ್ಟೆಯ ಕಡೆ ಸೀಳಬೇಕು. ಮೊದಲು ಕಾಫಿ ಚರಟ, ಅದನ್ನು ಕಾಲಿನಿಂದ ಪಕ್ಕಕ್ಕೆ. ಆಮೇಲೆ ಬೂದುಗುಂಬಳದ ಸಿಪ್ಪೆ. ಅದರ ಕೆಳಗೆ ನಿನ್ನೆಯ ಹುಳಿ ಅನ್ನ, ತಳದಲ್ಲಿ ಗಟ್ಟಿಯಾದ ಮುದ್ದೆಯ ಚೂರು. ಕರಿಬೇವು ನಾಲಿಗೆಗೆ ಅಂಟುತ್ತದೆ, ಹಾಗೇ ನುಂಗುತ್ತೇನೆ. ಮಹಡಿ ಮನೆಯವನು ಒಬ್ಬ ಇದ್ದಾನೆ. ಮೊಟ್ಟೆ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಕವರಿಗೆ ಹಾಕಿ, ಅದನ್ನು ಇನ್ನೊಂದು ಕವರಿಗೆ ಹಾಕಿ, ಎಲ್ಲರೂ ಮಲಗಿದ ಮೇಲೆ ತರುತ್ತಾನೆ. ಕೆಳಗಿನ ಓನರಮ್ಮನಿಗೆ ಗೊತ್ತಾಗಬಾರದಂತೆ. ಅವನು ಮೆಟ್ಟಿಲು ಇಳಿಯುವಾಗಲೇ ಇಡೀ ಬೀದಿಗೆ ಆಮ್ಲೆಟ್ಟು ಗೊತ್ತು, ಅಲ್ವಾ?

ಬಸವನಗುಡಿ ಕಡೆಯಿಂದ ಗಾಳಿಯಲ್ಲಿ ಕಡಲೆಕಾಯಿ ಸಿಪ್ಪೆ ಬಂದು, ಪರಿಷೆ ಮುಗಿದು, ಚಳಿ ಜಾಸ್ತಿಯಾಗಿತ್ತು. ಒಂದು ಬೆಳಿಗ್ಗೆ ಗೋಡೆಯ ಹತ್ತಿರ ತುಂಬ ಚಪ್ಪಲಿಗಳು, ಷೂಗಳು. ಸೆಂಟು ಹಾಕಿಕೊಂಡ ಜನ. ಪೊರಕೆ, ಮಂಕರಿ, ನೀರಿನ ಪೈಪು. ನನ್ನ ನೆಲವನ್ನು ಕೆರೆದರು, ತೊಳೆದರು. ಆಮೇಲೆ ಬಿಳಿ ಪುಡಿ ಎರಚಿದರು.

ಆ ಪುಡಿಯ ವಿಷಯ ಹೇಗೆ ಹೇಳುವುದು. ಒಂದು ಉಸಿರು ಎಳೆದೆ, ಮೂಗಿನ ಒಳಗೆಲ್ಲ ಉರಿ ಹತ್ತಿತು. ಸೀನಿದೆ, ಮಣ್ಣಿಗೆ ಮೂತಿ ಉಜ್ಜಿದೆ, ಚರಂಡಿ ನೀರಿಗೆ ಮೂಗದ್ದಿದೆ. ಆ ದಿನವೆಲ್ಲ ಕಂಬಗಳು ಬರೀ ಕಂಬಗಳಾಗಿದ್ದವು. ಯಾರು ಬಂದರು, ಯಾರು ಹೋದರು, ಒಂದೂ ತಿಳಿಯದು. ಬೀದಿ ಇತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ.

ಗೋಡೆಗೆ ಬಣ್ಣ ಬಳಿದರು. ಹೊಳೆಯುವ ಬಿಲ್ಲೆಗಳನ್ನು ಅಂಟಿಸಿದರು. ಅದರಲ್ಲಿರುವವರು ಗುಡಿಯಲ್ಲೂ ಇದ್ದಾರೆ, ಇಲ್ಲಿ ಮಾತ್ರ ಅವರಿಗೆ ಕರ್ಪೂರದ ವಾಸನೆಯೂ ಇಲ್ಲ, ಹೂವಿನದೂ ಇಲ್ಲ, ಬರೀ ಸಿಮೆಂಟು. ನೆಲದ ಮೇಲೆ ದೊಡ್ಡ ರಂಗೋಲಿ ಹಾಕಿದರು. ಕೊನೆಗೊಂದು ಗಂಟಲು ಹೇಳಿತು: "ಇನ್ಮೇಲೆ ಇಲ್ಲಿ ಯಾರೂ ಕಸ ಹಾಕಂಗಿಲ್ಲ. ಕ್ಯಾಮೆರಾನೂ ಹಾಕ್ತೀವಿ." ಎಲ್ಲರೂ ಚಪ್ಪಾಳೆ ತಟ್ಟಿದರು.

ಗುಡಿಸುವ ಅಕ್ಕ ಮಾತ್ರ ತಟ್ಟಲಿಲ್ಲ. ಎಲೆಅಡಿಕೆ ಉಗಿದು, ನನ್ನ ಕಡೆ ನೋಡಿದಳು.

"ನಿನ್ನ ಅನ್ನಕ್ಕೆ ಕಲ್ಲು ಬಿತ್ತಲ್ಲೇ, ಹೆಣ್ಣೇ."

ಅವಳ ಧ್ವನಿಯಲ್ಲಿ ಬೈಗುಳ ಇರಲಿಲ್ಲ. ಬಾಲ ಆಡಿಸಿದೆ. ಅವಳ ಸೀರೆಯಲ್ಲಿ ಯಾವಾಗಲೂ ಚಿತ್ರಾನ್ನದ ಒಗ್ಗರಣೆ, ಸುಣ್ಣ, ಬೀದಿಯ ಧೂಳು. ಡಬ್ಬಿಯ ಮುಚ್ಚಳದಲ್ಲಿ ಒಂದು ಹಿಡಿ ನನಗೆ ತೆಗೆದಿಡುತ್ತಾಳೆ. ಆದರೆ ಒಂದು ಹಿಡಿ ಎಷ್ಟು ಹೊತ್ತು ಬರುತ್ತದೆ?

ಆ ರಾತ್ರಿ ಗೋಡೆಯ ಹತ್ತಿರ ಕಾದೆ. ಯಾರೂ ಬರಲಿಲ್ಲ. ಬಂದವರೂ ಬಿಲ್ಲೆಗಳನ್ನು ನೋಡಿ, ಕೈ ಮುಗಿದು, ಕವರು ಹಿಡಿದುಕೊಂಡೇ ವಾಪಸ್ಸು ಹೋದರು.

ಹೊಟ್ಟೆ ಖಾಲಿಯಾದರೆ ಮೂಗು ಜಾಸ್ತಿ ಮಾತಾಡುತ್ತದೆ. ಮುಚ್ಚಿದ ಕಿಟಕಿಯ ಹಿಂದಿನ ತುಪ್ಪ, ಯಾರದೋ ಬೆರಳಿನಲ್ಲಿ ಉಳಿದ ಮೀನು, ಮೂರು ರಸ್ತೆ ಆಚೆ ಕೋಳಿ ಅಂಗಡಿಯವನು ಷಟರು ಎತ್ತಿದ್ದು. ಎಲ್ಲವೂ ಹತ್ತಿರವೇ ಇರುವ ಹಾಗೆ. ಒಂದು ಮಧ್ಯಾಹ್ನ ಎಣ್ಣೆ ಹತ್ತಿದ ಚಪ್ಪಲಿಯೊಂದನ್ನು ಅಗಿದೆ. ಬಜ್ಜಿ ಅಂಗಡಿಯವನದು. ಅವನು ಕಲ್ಲಿಗೆ ಬಗ್ಗಿದ, ನಾನು ಓಡಿದೆ. ಬಗ್ಗಿದರೆ ಸಾಕು, ಕಲ್ಲು ಇದೆಯೋ ಇಲ್ಲವೋ ನಿಂತು ನೋಡುವುದಿಲ್ಲ.

ಸ್ವಲ್ಪ ದಿನ ಗುಡಿ ಕಾಪಾಡಿತು. ಕತ್ತಲಿರುವಾಗಲೇ ಗಂಟೆ ಹೊಡೆಯುವ ತಿಂಗಳು ಶುರುವಾಗಿತ್ತು. ಧನುರ್ಮಾಸ ಅನ್ನುತ್ತಾರೆ. ಹಾಲಿನ ವ್ಯಾನಿಗೂ ಮೊದಲೇ ಸ್ನಾನ ಮಾಡಿದ ಜನ, ಒದ್ದೆ ತಲೆ, ಸೀಗೆಪುಡಿ. ಒಳಗೆ ದೊಡ್ಡ ಪಾತ್ರೆಯಲ್ಲಿ ಹುಗ್ಗಿ ಬೇಯುತ್ತದೆ. ಹೆಸರುಬೇಳೆ, ಮೆಣಸು, ಶುಂಠಿ, ತುಪ್ಪ. ನಾನು ಮೆಟ್ಟಿಲ ಕೆಳಗೆ ಕೂರುತ್ತೇನೆ, ಒಂದು ಮೆಟ್ಟಿಲು ಹತ್ತಿದರೂ "ಹಚಾ!" ಜನ ಬೆರಳು ನೆಕ್ಕುತ್ತಾ ಬಂದು ದೊನ್ನೆಯನ್ನು ಡ್ರಮ್ಮಿಗೆ ಹಾಕುತ್ತಾರೆ. ಗುರಿ ತಪ್ಪಿದ್ದು ನನ್ನದು. ದೊನ್ನೆ ಖಾಲಿ ಅಂತ ಅವರಿಗೆ ಅನ್ನಿಸಿರುತ್ತದೆ. ಖಾಲಿ ಎಲ್ಲಿ? ಎಲೆ ಮಡಿಸಿ ಕಡ್ಡಿ ಚುಚ್ಚಿದ ಕಡೆ ತುಪ್ಪ ಇಳಿದಿರುತ್ತದೆ, ಮಡಿಕೆಯೊಳಗೆ ಒಂದೆರಡು ಅಗುಳು. ನಾಲಿಗೆ ಅಲ್ಲಿಗೆ ಹೋಗಲ್ಲ. ಕಾಲಿನಿಂದ ಒತ್ತಿ ಹಿಡಿದು ಕಡ್ಡಿ ಕಿತ್ತು ಉಗಿದರೆ ಎಲೆ ತೆರೆದುಕೊಳ್ಳುತ್ತದೆ. ಒಮ್ಮೆ ಇಡೀ ಗೋಡಂಬಿ ಸಿಕ್ಕಿತು. ಮೆಣಸು ಮಾತ್ರ ಬೇಡ, ಮೂಗಿಗೆ ಏರುತ್ತದೆ.

ಆದರೆ ಅಲ್ಲಿ ಹಸು ಬರುತ್ತದೆ. ಹಸುವಿಗೆ ಹುಗ್ಗಿಯೂ ಕೊಡುತ್ತಾರೆ, ಬಾಳೆಹಣ್ಣೂ ಕೊಡುತ್ತಾರೆ, ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಅದು ದೊನ್ನೆಯನ್ನೂ ಬಿಡದೆ ಎಲೆ ಸಮೇತ ತಿನ್ನುತ್ತದೆ. ಹಸುವಿನ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ.

ಬೋಳುಬಾಲದವನ ಕ್ರಾಸಿಗೂ ಹೋದೆ. ಕೋಳಿ ಅಂಗಡಿ ಇರುವುದು ಅವನ ಕಡೆ. ಟ್ರಾನ್ಸ್‌ಫಾರ್ಮರ್ ದಾಟುವ ಹೊತ್ತಿಗೆ ಅವನ ಜೊತೆ ಇನ್ನೂ ಇಬ್ಬರು ನಿಂತಿದ್ದರು. ಬಾಲ ತಗ್ಗಿಸಿದೆ, ಹೊಟ್ಟೆ ತೋರಿಸಿದೆ. ಒಬ್ಬ ಕೇಳಲಿಲ್ಲ, ಹಿಂಗಾಲಿಗೆ ಹಲ್ಲು ಹಾಕಿದ. ನಾನೂ ಬಿಡಲಿಲ್ಲ, ಅವನ ಕೆನ್ನೆಯ ಕೂದಲು ಬಾಯಿಗೆ ಬಂತು. ಕಾರಿನ ಕೆಳಗೆ ಮಲಗಿ ಎರಡು ರಾತ್ರಿ ಗಾಯ ನೆಕ್ಕಿದೆ.

ಮೂರನೇ ರಾತ್ರಿ ಆಮ್ಲೆಟ್ಟು ಮೆಟ್ಟಿಲು ಇಳಿಯಿತು.

ಮಹಡಿ ಮನೆಯವನು ಎಷ್ಟೋ ದಿನದ ಸಿಪ್ಪೆ ಕೂಡಿಟ್ಟಿದ್ದ. ಸ್ಕೂಟರಿನಲ್ಲಿ ಕಾಲ ಹತ್ತಿರ ಕವರು ಇಟ್ಟುಕೊಂಡು ಗೋಡೆಯವರೆಗೆ ಬಂದ, ಬಿಲ್ಲೆ ನೋಡಿದ, "ಛೆ" ಅಂದ, ಗಾಡಿ ತಿರುಗಿಸಿದ. ಹಿಂದೆ ಬಿದ್ದೆ. ನಾವು ಸ್ಕೂಟರಿನ ಹಿಂದೆ ಬಿದ್ದರೆ ಜನ ತಮ್ಮನ್ನೇ ಕಚ್ಚಲು ಬಂದೆವು ಅಂದುಕೊಳ್ಳುತ್ತಾರೆ. ನಮ್ಮ ಜಗಳ ಟೈರಿನ ಜೊತೆ. ಯಾವ್ಯಾವುದೋ ಬೀದಿಯ ಗಂಡುನಾಯಿಗಳು ಅದಕ್ಕೆ ಕಾಲೆತ್ತಿರುತ್ತವೆ, ಅಂಥದ್ದು ನಮ್ಮ ಬೀದಿಗೆ ಬಂದರೆ ಕೇಳಬೇಡವೇ? ಆ ರಾತ್ರಿ ಮಾತ್ರ ಟೈರು ನನಗೆ ಕಾಣಲೂ ಇಲ್ಲ. ಕವರಿನ ತಳದಲ್ಲಿ ಹಳದಿ ಒಣಗಿದ ವಾಸನೆ, ಬ್ರೆಡ್ಡು, ಈರುಳ್ಳಿ, ಎಣ್ಣೆ. ಕುಂಟುತ್ತಲೇ ಓಡಿದೆ.

"ಹಚಾ! ಏ ಹಚಾ!"

ಅವನು ಎರಡೂ ಕಾಲು ಮೇಲೆತ್ತಿದ. ಸ್ಕೂಟರು ಓಲಾಡಿತು. ಕವರು ಜಾರಿ ಟ್ರಾನ್ಸ್‌ಫಾರ್ಮರ್ ಪಕ್ಕ ಬಿತ್ತು. ಅವನು ನಿಲ್ಲಲೇ ಇಲ್ಲ.

ಸೀಳಿದೆ. ತಿಂದೆ. ಬ್ರೆಡ್ಡಿನ ಅಂಚು, ಸಿಪ್ಪೆಗೆ ಅಂಟಿದ ಲೋಳೆ, ಸಿಪ್ಪೆ ಸಮೇತ.

ಬೆಳಿಗ್ಗೆ ಆ ಹರಿದ ಕವರು ಅಲ್ಲೇ ಇತ್ತು. ಜನರ ಸ್ವಭಾವ ನೋಡಿ: ಖಾಲಿ ನೆಲಕ್ಕೆ ಎಸೆಯಲು ಹಿಂಜರಿಯುವವರು, ಒಂದು ಕವರು ಬಿದ್ದಿದ್ದರೆ ಅದರ ಮೇಲೆ ಧೈರ್ಯವಾಗಿ ಇನ್ನೊಂದು ಹಾಕುತ್ತಾರೆ. ಸಂಜೆಗೆ ಹುಳಿ ಅನ್ನದ ಮನೆಯವರು ಬಂದರು. ಮರುದಿನ ಮುದ್ದೆ. ಭಾನುವಾರ ಮೂಳೆ. ಗುಡಿಸುವ ಅಕ್ಕ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಅಲ್ಲಿಂದ ಎತ್ತಿದ್ರೆ ಇಲ್ಲಿಗ್ ಬಂತಾ! ಇವರ ಮನೆ ಹಾಳಾಗ!" ಆಮೇಲೆ ನನ್ನನ್ನು ನೋಡಿದಳು. "ನಿನಗೇನಮ್ಮಾ, ಹಬ್ಬ."

ಟ್ರಾನ್ಸ್‌ಫಾರ್ಮರ್ ನಮ್ಮ ಬೀದಿಗೂ ಆಚೆ ಕ್ರಾಸಿಗೂ ಗಡಿ. ಬೋಳುಬಾಲದವನು ಆ ಕಡೆಯಿಂದ ಬರುತ್ತಾನೆ, ನಾನು ಈ ಕಡೆಯಿಂದ. ಮೊದಮೊದಲು ಕವರಿನ ಎರಡು ತುದಿ ಹಿಡಿದು ಗುರ್ ಅಂದೆವು. ಆಮೇಲೆ ಇಬ್ಬರಿಗೂ ಸಾಕಾಗುವಷ್ಟು ಬೀಳಲು ಶುರುವಾಯಿತು. ಭಾನುವಾರದ ಮೂಳೆ ಅವನಿಗೇ ಬಿಟ್ಟಿದ್ದೇನೆ, ಹೇಗೂ ನನ್ನದೊಂದು ಹಲ್ಲು ಅಲ್ಲಾಡುತ್ತಿದೆ. ಮೊಟ್ಟೆ ಸಿಪ್ಪೆಯ ಕವರಿಗೆ ಮಾತ್ರ ಅವನು ಮೂಗು ಚಾಚಿದರೆ ತುಟಿ ಎತ್ತುತ್ತೇನೆ. ಅದನ್ನು ಇಲ್ಲಿಗೆ ತಂದವಳು ನಾನು.