ಹತ್ತೊಂಬತ್ತು ಖಾಲಿ ಗುಂಡಿ

ರಾಯಚೂರಿನ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಫ್ಯಾನ್ ಕೆಳಗಿನ ಜಾಗ ಸಿಗಬೇಕಂದ್ರೆ ಬಾಗಿಲು ತೆಗೆಯೋಕೆ ಮುಂಚೆ ಹೋಗಬೇಕು. ವೀರೇಶ ಆರು ದಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಒಂದು ಭಾನುವಾರವೂ ತಪ್ಪಿಸುವುದಿಲ್ಲ. ಮೆಹಬೂಬ ಮಸ್ಕಿಯಿಂದ ಬಸ್ ಹತ್ತಿ ಬರುತ್ತಾನೆ.

ಅವತ್ತು ತೆಗೆದದ್ದು ಕಾನ್ಸ್‌ಟೇಬಲ್ ಪರೀಕ್ಷೆಯ ಹಳೆ ಪೇಪರ್. ನೂರು ಪ್ರಶ್ನೆ, ಒಂದೂವರೆ ಗಂಟೆ, ತಪ್ಪಿಗೆ ಕಾಲು ಅಂಕ ಕಟ್. ಜೆರಾಕ್ಸ್‌ನಲ್ಲಿ ಉತ್ತರದ ಪುಟ ಬಂದಿರಲಿಲ್ಲ. ಇಬ್ಬರ ಟಿಕ್ ಎಲ್ಲಿ ಹೊಂದುವುದಿಲ್ಲವೋ ಅದನ್ನಷ್ಟೇ ಪುಸ್ತಕದಲ್ಲಿ ನೋಡೋಣ ಅಂತ ಮಾತಾಯಿತು.

ಮೆಹಬೂಬ ಒಂದು ಗಂಟೆಯಲ್ಲೇ ಮುಗಿಸಿ ಪೆನ್ನಿಟ್ಟ. ವೀರೇಶ ಕೊನೆಯ ನಿಮಿಷದ ತನಕ ರಫ್ ಹಾಳೆ ತುಂಬಿಸುತ್ತಿದ್ದ. ಆಮೇಲೆ ಓಎಂಆರ್ ಹಾಳೆ ಅದಲು ಬದಲು ಮಾಡಿಕೊಂಡರು.

"ಲೇ, ಹತ್ತೊಂಬತ್ತು ಖಾಲಿ ಬಿಟ್ಟೀಯಲ್ಲೋ!"

"ಗ್ಯಾರಂಟಿ ಇರಲಿಲ್ಲ. ಇದ್ದ ಮಾರ್ಕ್ಸ್ ಯಾಕೆ ಕಳ್ಕೊಳ್ಳಲಿ? ನೀನು ನೂರಕ್ಕೆ ನೂರು ತುಂಬಿಸಿಬಿಟ್ರೆ ಆಯ್ತಾ?"

ಮಾತು ಸ್ವಲ್ಪ ಬಿಸಿಯಾಯಿತು. ಒಂದೇ ಕೆಲಸಕ್ಕೆ ಓದುವ ಗೆಳೆಯರಲ್ಲಿ ಇದು ಆಗುವುದೇ. ವೀರೇಶ ಖಾಲಿ ಬಿಟ್ಟ ಪ್ರಶ್ನೆಗಳನ್ನು ಮೆಹಬೂಬ ಸುಮ್ನೆ ಒಂದೊಂದಾಗಿ ಜೋರಾಗಿ ಓದತೊಡಗಿದ.

"ಬೆಲೆ ಶೇಕಡಾ 20 ಏರಿ, ಮತ್ತೆ ಶೇಕಡಾ 20 ಇಳಿದರೆ?"

"ನೂರು ನೂರಿಪ್ಪತ್ತಾಗುತ್ತೆ, ಅದರಲ್ಲಿ 24 ಹೋಗುತ್ತೆ, 96. ಶೇಕಡಾ 4 ಕಡಿಮೆ."

"ಮತ್ತೆ ಖಾಲಿ ಯಾಕೆ?"

"ಇದು 91ನೇ ಪ್ರಶ್ನೆ. ಇಲ್ಲಿಗೆ ಬಂದಾಗ ಟೈಮ್ ಎಲ್ಲಿತ್ತು?"

ಟೈಮ್ ಎಲ್ಲಿ ಹೋಗಿತ್ತು ಅಂತ ರಫ್ ಹಾಳೆಯೇ ಹೇಳುತ್ತಿತ್ತು. ರೈಲಿನ ಒಂದು ಲೆಕ್ಕಕ್ಕೆ ಅರ್ಧ ಪುಟ. ಆಯ್ಕೆಗಳಲ್ಲಿ ಮೂರು ನೋಡಿದ ಕೂಡಲೇ ಹೊಡೆದುಹಾಕುವಂಥವು, ಆದರೂ ಸೂತ್ರ ಬರೆದು, x ಇಟ್ಟು, ತಾಳೆ ನೋಡಿದ್ದ. ಉಳಿದ ಖಾಲಿ ಪ್ರಶ್ನೆಗಳಲ್ಲಿ ಎಂಟಕ್ಕೆ "ಇದಲ್ಲ, ಇದೂ ಅಲ್ಲ" ಅಂತ ಎರಡು ಆಯ್ಕೆ ವೀರೇಶ ತಾನೇ ತೆಗೆದ.

"ನೋಡು," ಮೆಹಬೂಬ ಹಾಳೆಯ ಅಂಚಿನಲ್ಲಿ ಬರೆದ. "ಈ ಎಂಟರಲ್ಲಿ ಅರ್ಧ ಹೋದ್ರೂ ಸೇರೋದು 4, ಕಟ್ಟಾಗೋದು 1. ಮೂರು ಮಾರ್ಕ್ಸ್ ಬಿಟ್ಟು ಎದ್ದು ಬಂದೀಯ."

ವೀರೇಶ ಆ ಮೂರರ ಅಂಕಿಯನ್ನೇ ನೋಡುತ್ತ ಕೂತ. ಕಟಾಫ್‌ನಲ್ಲಿ ಅರ್ಧ ಮಾರ್ಕ್ಸ್‌ಗೆ ಹೊರಗೆ ಉಳಿದವರು ಅದೇ ಹಾಲ್‌ನಲ್ಲಿ ಕೂತಿದ್ದರು. ಆಮೇಲೆ ಮೆಹಬೂಬನ ಹಾಳೆ ಎಳೆದುಕೊಂಡ.

"ತಂದೆಯ ವಯಸ್ಸು ಮಗನ ನಾಲ್ಕು ಪಟ್ಟು. 20 ವರ್ಷದ ನಂತರ ಎರಡು ಪಟ್ಟು. ಎಷ್ಟು?"

"ಹತ್ತು. ಹತ್ತಕ್ಕೆ ನಲವತ್ತು, ಆಮೇಲೆ ಮೂವತ್ತಕ್ಕೆ ಅರವತ್ತು. ಬಾಯಲ್ಲೇ ಬರುತ್ತೆ."

"ಕೇಳಿದ್ದು ಯಾರ ವಯಸ್ಸು?"

ಮೆಹಬೂಬ ಬಗ್ಗಿ ನೋಡಿದ. ತಂದೆಯ ವಯಸ್ಸು. 10 ಮೊದಲನೇ ಆಯ್ಕೆ, 40 ಮೂರನೆಯದು.

"ಇದನ್ನ ನೋಡು. ಅಶೋಕನ ಶಾಸನ ಸಿಗದ ಊರು ಯಾವುದು? ಮಸ್ಕಿ, ಬ್ರಹ್ಮಗಿರಿ, ನಿಟ್ಟೂರು, ಹಲ್ಮಿಡಿ. ನಿನ್ನ ಟಿಕ್ ಮಸ್ಕಿಗೆ!"

ಈ ಸಲ ಮೆಹಬೂಬನಿಗೆ ನಿಜಕ್ಕೂ ನೋವಾಯಿತು. 1915ರಲ್ಲಿ ಸಿಕ್ಕ, ಅಶೋಕನ ಹೆಸರೇ ಇರುವ ಆ ಶಾಸನದ ಬಂಡೆಗೆ ಶಾಲೆಯ ಹುಡುಗರನ್ನು ಕರೆದುಕೊಂಡು ಹೋಗಿ ತೋರಿಸಿದವನು ಅವನು. 'ಅಶೋಕ' ಅಂತ ಓದಿದ ಕೂಡಲೇ ಕೈ ಊರಿನ ಕಡೆ ಹೋಗಿತ್ತು. 'ಸಿಗದ' ಅನ್ನುವುದು ಕಣ್ಣಿಗೇ ಬಿದ್ದಿರಲಿಲ್ಲ. ವೀರೇಶ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತ ಹೋದ. ಅಲ್ಲದ, ಹೊರತುಪಡಿಸಿ, ತಪ್ಪಾದ ಹೇಳಿಕೆ. ಇಂಥವೇ ಒಂಬತ್ತು. ಎಲ್ಲವೂ ಗೊತ್ತಿದ್ದವೇ.

"ಒಂಬತ್ತು ಹೋಗಿ, ಮೇಲೆ ಎರಡೂಕಾಲು ಕಟ್," ಅಂದ ವೀರೇಶ. ದನಿಯಲ್ಲಿ ಈಗ ಬಿಸಿ ಇರಲಿಲ್ಲ.

ಚಹಾ ಕುಡಿದು ಬಂದರೆ, ಪಕ್ಕದಲ್ಲಿ ಕೂತಿದ್ದ ಪಿಯುಸಿ ಹುಡುಗಿ ಅವರ ಪೇಪರ್ ತಿರುವುತ್ತಿದ್ದಳು.

"ಅಣ್ಣಾ, ತುಂಗಭದ್ರಾ ಕೃಷ್ಣೆಗೆ ಸೇರೋದು ಯಾವ ರಾಜ್ಯದಲ್ಲಿ ಅನ್ನೋದಕ್ಕೆ ಇಬ್ಬರೂ ಕರ್ನಾಟಕ ಅಂತ ಹಾಕೀರಿ."

"ಹೌದು. ಕೂಡಲಸಂಗಮ," ಅಂದ ಮೆಹಬೂಬ.

"ಅಲ್ಲಿ ಸೇರೋದು ಮಲಪ್ರಭಾ ಅಲ್ವಾ? ತುಂಗಭದ್ರಾ ಸೇರೋದು ಆಂಧ್ರದಲ್ಲಿ, ಕರ್ನೂಲಿನ ಕಡೆ."

ವೀರೇಶ ಅಟ್ಲಾಸ್ ತಂದ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ, ನಡುವೆ ತಮ್ಮ ಜಿಲ್ಲೆ. ಎರಡೂ ಗೆರೆಗಳು ರಾಜ್ಯದ ಗಡಿ ದಾಟಿ ಮುಂದೆ ಹೋಗಿ ಸೇರಿದ್ದವು. ಹುಡುಗಿ ಹೇಳಿದ್ದೇ ಸರಿ.

"ಇಬ್ಬರದೂ ಒಂದೇ ಉತ್ತರ ಅಂತ ಇದನ್ನ ನೋಡೇ ಇಲ್ಲ," ಅಂದ ಮೆಹಬೂಬ.

"ಅಂಥವು ಎಷ್ಟಿವೆ?"

"ಐವತ್ತರ ಮೇಲಿವೆ."

ವೀರೇಶ ಕುರ್ಚಿ ಎಳೆದು ಹುಡುಗಿಗೂ ಜಾಗ ಮಾಡಿದ. "ಒಂದನೇ ಪ್ರಶ್ನೆಯಿಂದ ತೆಗಿ. ತಂಗಿ, ನೀನು ಓದು, ಪೂರ್ತಿ ಓದು. ನಾವು ಯಾಕೆ ಆ ಟಿಕ್ ಹಾಕಿದ್ವಿ ಅಂತ ಹೇಳ್ತೀವಿ."